ದುಡ್ಡು ಹೋಯ್ತು, ಕಾಯಿನ್ ಬರಲಿಲ್ಲ: ಪಿಟುಪಿ ಆರ್ಡರ್ ಸಿಕ್ಕಿಹಾಕಿಕೊಂಡಾಗ ಮಾಡಬೇಕಾದ್ದು, ಎತ್ತಿಡಬೇಕಾದ ಸಾಕ್ಷಿ

ಒಂದು ರಾತ್ರಿ ಒಂಬತ್ತು ದಾಟಿತ್ತು. ದಾವಣಗೆರೆಯಿಂದ ನನ್ನ ಭಾವಮೈದನ ಫೋನ್. "ಭಾವ, ಇಪ್ಪತ್ಮೂರು ಸಾವಿರ ಹಾಕಿದೀನಿ. ಅವನು ಕಾಯಿನ್ ಬಿಡ್ತಿಲ್ಲ. ನೀನು ಆರ್ಡರ್ ಕ್ಯಾನ್ಸಲ್ ಮಾಡು, ನಾನು ದುಡ್ಡು ವಾಪಸ್ ಹಾಕ್ತೀನಿ ಅಂತಿದಾನೆ. ಮಾಡ್ಲಾ?"

"ಆ ಬಟನ್ ಹತ್ರ ಬೆರಳೂ ತಗೊಂಡು ಹೋಗ್ಬೇಡ" ಅಂದೆ.

ಅವನು ಒಂದು ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ಕೊಳ್ಳಲು ಹೊರಟಿದ್ದು 250 ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ಕಾಯಿನ್. ಒಂದಕ್ಕೆ 92.40 ರೂಪಾಯಿಯಂತೆ ಒಟ್ಟು 23,100. ರಾತ್ರಿ 8:42ಕ್ಕೆ ಆರ್ಡರ್ ತೆರೆದಿದ್ದ, 8:49ಕ್ಕೆ ಯುಪಿಐನಲ್ಲಿ ದುಡ್ಡು ಕಳಿಸಿದ್ದ, 8:51ಕ್ಕೆ 'ದುಡ್ಡು ಹಾಕಿದ್ದೇನೆ' ಅನ್ನುವ ಬಟನ್ ಒತ್ತಿದ್ದ. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು. 9:05ಕ್ಕೆ ಮಾರುವವನಿಂದ ಚಾಟ್‌ನಲ್ಲಿ ಮೆಸೇಜ್ ಬಂತು: ದುಡ್ಡು ಬಂದಿಲ್ಲ, ಬ್ಯಾಂಕ್ ಸರ್ವರ್ ಡೌನ್, ಕ್ಯಾನ್ಸಲ್ ಮಾಡಿ.

ಮುಂದೆ ಬರೆದಿರುವುದು ಆ ರಾತ್ರಿ ಮತ್ತು ಮಾರನೇ ದಿನ ನಾವು ಮಾಡಿದ ಕೆಲಸ. ಅದರ ಜೊತೆಗೆ, ಅವನು ಫೋನ್ ಮಾಡುವ ಮುಂಚೆಯೇ ಕ್ಯಾನ್ಸಲ್ ಒತ್ತಿಬಿಟ್ಟಿದ್ದರೆ ಏನು ಮಾಡಬೇಕಾಗುತ್ತಿತ್ತು ಅನ್ನುವುದೂ ಇದೆ.

ಮೊದಲು: ಕ್ಯಾನ್ಸಲ್ ಬೇಡ

ಪಿಟುಪಿ ಅಂದರೆ ಎಕ್ಸ್‌ಚೇಂಜ್ ತಾನೇ ನಿಮಗೆ ಕಾಯಿನ್ ಮಾರುವುದಿಲ್ಲ. ಇನ್ನೊಬ್ಬ ಬಳಕೆದಾರ ಮಾರುತ್ತಾನೆ. ದುಡ್ಡು ನಿಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಅವನ ಖಾತೆಗೆ ಹೋಗುತ್ತದೆ, ಎಕ್ಸ್‌ಚೇಂಜ್ ಅದನ್ನು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ಅದು ಮಾಡುವುದು ಒಂದೇ ಕೆಲಸ. ನೀವು ಆರ್ಡರ್ ತೆರೆದ ತಕ್ಷಣ ಮಾರುವವನ 250 ಯುಎಸ್‌ಡಿಟಿಯನ್ನು ಎಸ್ಕ್ರೋದಲ್ಲಿ, ಅಂದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತದೆ. ಅವನು 'ರಿಲೀಸ್' ಒತ್ತಿದರೆ ಕಾಯಿನ್ ನಿಮಗೆ ಬರುತ್ತದೆ. ಆರ್ಡರ್ ಕ್ಯಾನ್ಸಲ್ ಆದರೆ ಬೀಗ ತೆರೆದು ಅವನಿಗೇ ವಾಪಸ್ ಹೋಗುತ್ತದೆ.

ಹಾಗಾಗಿ ದುಡ್ಡು ಹಾಕಿದ ಮೇಲೆ ನಿಮ್ಮ ಕೈಯಲ್ಲಿ ಉಳಿದಿರುವ ಒಂದೇ ಹಿಡಿತ ಆ ಬೀಗ. ಕ್ಯಾನ್ಸಲ್ ಒತ್ತಿದರೆ ಅದನ್ನು ನೀವೇ ತೆಗೆದುಕೊಟ್ಟ ಹಾಗೆ. ಮಾರುವವರು ಬ್ಯಾಂಕ್ ಸರ್ವರ್, ಖಾತೆ ಲಿಮಿಟ್, ತಾಯಿಗೆ ಹುಷಾರಿಲ್ಲ ಅಂತ ಏನೇ ಕಥೆ ಕಟ್ಟಿದರೂ ಅದು ಕೊನೆಗೆ ಬಂದು ನಿಲ್ಲುವುದು ಈ ಬಟನ್ ಹತ್ತಿರವೇ.

ಇದರ ಇನ್ನೊಂದು ಮುಖವೂ ಇದೆ. ದುಡ್ಡು ಕಳಿಸಿ 'ಹಾಕಿದ್ದೇನೆ' ಬಟನ್ ಒತ್ತಲು ಮರೆತವರೂ ಇದ್ದಾರೆ. ಆರ್ಡರ್‌ಗೆ ಹದಿನೈದು ನಿಮಿಷವೋ ಅರ್ಧ ಗಂಟೆಯೋ ಒಂದು ಗಡುವು ಇರುತ್ತದೆ. ಅಷ್ಟರಲ್ಲಿ ಒತ್ತದಿದ್ದರೆ ಆರ್ಡರ್ ತಾನಾಗೇ ಕ್ಯಾನ್ಸಲ್ ಆಗುತ್ತದೆ. ಒತ್ತಿದ್ದರೆ ಗಡಿಯಾರ ಅಲ್ಲಿಗೆ ನಿಲ್ಲುತ್ತದೆ, ಬೀಗ ಹಾಗೇ ಇರುತ್ತದೆ.

ಮಾರುವವನ ಮಾತು ನಿಜವಾ ಅಂತ ನೋಡಿ

ಜಗಳಕ್ಕೆ ಇಳಿಯುವ ಮುಂಚೆ ಎರಡು ನಿಮಿಷ ನಿಮ್ಮ ಕಡೆಯನ್ನೂ ನೋಡಿಕೊಳ್ಳಿ. ಯುಪಿಐ ಆ್ಯಪ್‌ನಲ್ಲಿ ಆ ಪಾವತಿ 'ಸಕ್ಸಸ್' ಅಂತಿದೆಯಾ, 'ಪೆಂಡಿಂಗ್' ಅಂತಿದೆಯಾ? ಪೆಂಡಿಂಗ್ ಇದ್ದರೆ ದುಡ್ಡು ನಿಜವಾಗಿಯೂ ಅವನಿಗೆ ಮುಟ್ಟಿಲ್ಲದೇ ಇರಬಹುದು. ನಿಮ್ಮ ಖಾತೆಯಿಂದ ಕಡಿತವಾಗಿ ಆ ಕಡೆ ಜಮೆ ಆಗದಿದ್ದರೆ, ಆರ್‌ಬಿಐನ 2019ರ ನಿಯಮದ ಪ್ರಕಾರ ಮಾರನೇ ದಿನದೊಳಗೆ ಅದು ತಾನಾಗೇ ವಾಪಸ್ ಬರಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ಇನ್ನೊಂದು ಪ್ರಶ್ನೆ: ದುಡ್ಡು ಹೋಗಿದ್ದು ನಿಮ್ಮ ಹೆಸರಿನ ಖಾತೆಯಿಂದಲೇನಾ? ಹೆಂಡತಿಯ ಫೋನಿಂದ, ಗೆಳೆಯನ ಖಾತೆಯಿಂದ ಹಾಕಿದ್ದರೆ ಮಾರುವವನು ರಿಲೀಸ್ ಮಾಡದೇ ಇರುವುದರಲ್ಲಿ ನ್ಯಾಯ ಇದೆ. ಬೇರೆಯವರ ಹೆಸರಿನ ದುಡ್ಡು ತಗೊಂಡು ಆಮೇಲೆ ತಮ್ಮ ಖಾತೆ ಫ್ರೀಜ್ ಆದವರು ಬಹಳ. ಅಂಥ ಕಡೆ ಎಕ್ಸ್‌ಚೇಂಜ್ ಸಾಮಾನ್ಯವಾಗಿ ಅದೇ ಖಾತೆಗೆ ದುಡ್ಡು ವಾಪಸ್ ಹಾಕಿಸಿ ಆರ್ಡರ್ ಮುಗಿಸುತ್ತದೆ. ಆಗಲೂ ದುಡ್ಡು ನಿಮ್ಮ ಖಾತೆಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಕ್ಯಾನ್ಸಲ್, ಅದಕ್ಕೆ ಮುಂಚೆ ಅಲ್ಲ.

ಭಾವಮೈದನದು ಸಕ್ಸಸ್ ಇತ್ತು, ಖಾತೆಯೂ ಅವನದೇ. ಆದರೆ ಒಂದು ಎಡವಟ್ಟು ಮಾಡಿದ್ದ, ಅದನ್ನು ಸುಮ್ನೆ ಒಂದು ವಿಷಯ ಅನ್ನುವ ಹಾಗೆ ಕೊನೆಗೆ ಹೇಳಿದ. ಆರ್ಡರ್ ಪುಟದಲ್ಲಿ ಒಂದು ಯುಪಿಐ ಐಡಿ ಇತ್ತು. ಮಾರುವವನು ಚಾಟ್‌ನಲ್ಲಿ "ಆ ಖಾತೆಯ ಲಿಮಿಟ್ ಮುಗಿದಿದೆ, ಇದಕ್ಕೆ ಹಾಕಿ" ಅಂತ ಬೇರೊಂದು ಐಡಿ ಕೊಟ್ಟಿದ್ದ. ಇವನು ಅದಕ್ಕೇ ಹಾಕಿದ್ದ. ಪಿನ್ ಒತ್ತುವ ಮುಂಚೆ ಪರದೆ ಮೇಲೆ ಬಂದ ಹೆಸರು ಬೇರೆಯೇ ಇತ್ತಂತೆ, ನೋಡಿದ್ದಾನೆ, ಆದರೂ ಒತ್ತಿದ್ದಾನೆ.

ಈಗ ಆಟ ಅರ್ಥವಾಯ್ತಲ್ವಾ? ಮಾರುವವನು ಆರ್ಡರ್ ಪುಟದಲ್ಲಿರುವ ಖಾತೆಯ ಸ್ಟೇಟ್‌ಮೆಂಟ್ ತೋರಿಸಿ "ನೋಡಿ, ದುಡ್ಡು ಬಂದಿಲ್ಲ" ಅನ್ನಬಹುದು. ಆ ಸ್ಟೇಟ್‌ಮೆಂಟ್ ಅಸಲಿಯೇ ಆಗಿರುತ್ತದೆ. ದುಡ್ಡು ಹೋಗಿದ್ದು ಬೇರೆ ಕಡೆ ತಾನೆ?

ಸಾಕ್ಷಿ ಅಂದರೆ ಮೂರು ಕೊಂಡಿ

ತುಂಬ ಜನ ಸ್ಕ್ರೀನ್‌ಶಾಟ್ ರಾಶಿ ಹಾಕುತ್ತಾರೆ. ನಲವತ್ತು ಇರುತ್ತವೆ, ಬೇಕಾದದ್ದು ಒಂದೂ ಇರುವುದಿಲ್ಲ. ಎಕ್ಸ್‌ಚೇಂಜ್‌ನ ಸಪೋರ್ಟ್‌ನವರಾಗಲಿ, ಪೊಲೀಸರಾಗಲಿ ಕೇಳುವುದು ಇಷ್ಟೇ: ಆರ್ಡರ್ ಯಾವುದು, ದುಡ್ಡು ಯಾವುದು, ಮನುಷ್ಯ ಯಾರು, ಮತ್ತು ಈ ಮೂರೂ ಒಂದಕ್ಕೊಂದು ಹೇಗೆ ಸೇರುತ್ತವೆ.

ಆರ್ಡರ್‌ನ ಕೊಂಡಿ ಅಂದರೆ ಆರ್ಡರ್ ನಂಬರ್. ಆರ್ಡರ್ ಪುಟವನ್ನು ಮೇಲಿಂದ ಕೆಳಗಿನವರೆಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರ್, ಸಮಯ, ಮೊತ್ತ, ದರ, ಮಾರುವವನ ಹೆಸರು, ದುಡ್ಡು ಹಾಕಬೇಕಾದ ಖಾತೆ, ಈಗಿನ ಸ್ಥಿತಿ ಎಲ್ಲವೂ ಕಾಣಬೇಕು. ಜಾಹೀರಾತಿನಲ್ಲಿ ಅವನು ಹಾಕಿದ್ದ ಷರತ್ತುಗಳು, ಅವನ ಪ್ರೊಫೈಲ್ ಪುಟ ಇವನ್ನೂ ತೆಗೆಯಿರಿ. ಇಂಥವರ ಜಾಹೀರಾತು ಬೆಳಗಾಗುವಷ್ಟರಲ್ಲಿ ಮಾಯವಾಗಬಹುದು. ಹಾಗೇ ಆ ಆರ್ಡರ್‌ನ ಚಾಟ್ ಪೂರ್ತಿ, ಮೊದಲ ಮೆಸೇಜ್‌ನಿಂದ. ನಮ್ಮ ಪ್ರಕರಣದಲ್ಲಿ ಪ್ರಾಣ ಇದ್ದದ್ದೇ ಅಲ್ಲಿ. ಬೇರೆ ಐಡಿ ಕೊಟ್ಟಿದ್ದು ಅವನೇ, ಅದೂ ಆರ್ಡರ್ ಚಾಟ್‌ನ ಒಳಗೇ. ಅದೇ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಹೇಳಿದ್ದರೆ ಎಕ್ಸ್‌ಚೇಂಜ್‌ಗೆ ಅದು ಕಾಣುತ್ತಲೇ ಇರಲಿಲ್ಲ.

ದುಡ್ಡಿನ ಕೊಂಡಿ ಯುಟಿಆರ್ ನಂಬರ್, ಅಂದರೆ ಬ್ಯಾಂಕಿನವರು ಆ ಒಂದು ಪಾವತಿಯನ್ನು ಗುರುತಿಸುವ ಸಂಖ್ಯೆ. ಯುಪಿಐ ಮತ್ತು ಐಎಂಪಿಎಸ್‌ನಲ್ಲಿ ಇದು 12 ಅಂಕಿಯದು. ಇಲ್ಲಿ ಎಡವುವವರು ಜಾಸ್ತಿ. ಕೆಲವು ಆ್ಯಪ್‌ಗಳು ತಮ್ಮದೇ ಒಂದು ಉದ್ದನೆಯ ಟ್ರಾನ್ಸಾಕ್ಷನ್ ಐಡಿ ತೋರಿಸುತ್ತವೆ, ಅದರಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಅದು ಆ್ಯಪ್‌ನವರ ಲೆಕ್ಕಕ್ಕೆ ಮಾತ್ರ. ಬ್ಯಾಂಕ್‌ಗೆ ಬೇಕಾಗಿರುವುದು 12 ಅಂಕಿಯದು. ಪಾವತಿಯ ವಿವರ ತೆರೆದು ಕೆಳಗೆ ಹೋದರೆ `UTR` ಅಥವಾ `UPI transaction ID` ಅಂತ ಸಿಗುತ್ತದೆ.

ಇದಕ್ಕೆ ಒತ್ತಾಸೆಯಾಗಿ ಬ್ಯಾಂಕಿನ ಸ್ಟೇಟ್‌ಮೆಂಟ್ ಬೇಕೇ ಬೇಕು. ಯುಪಿಐ ಆ್ಯಪ್‌ನ ಹಸಿರು ಟಿಕ್ ಇರುವ ಸ್ಕ್ರೀನ್‌ಶಾಟ್‌ನ್ನು ಯಾರು ಬೇಕಾದರೂ ನಕಲಿ ಮಾಡಬಹುದು, ಅದಕ್ಕೇ ಅದಕ್ಕೆ ಬೆಲೆ ಕಡಿಮೆ. ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ನಿಂದ ಆ ದಿನದ ಪಿಡಿಎಫ್ ಇಳಿಸಿಕೊಳ್ಳಿ. ಅದರಲ್ಲಿ ಸಾಲು ಹೆಚ್ಚು ಕಡಿಮೆ ಹೀಗಿರುತ್ತದೆ, ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬದಲಾಗುತ್ತದೆ:

```
UPI/DR/<12-digit UTR>/<payee name>/<bank>/<UPI ID>   23,100.00
```

ಈ ಒಂದೇ ಸಾಲಿನಲ್ಲಿ ಯುಟಿಆರ್, ಪಡೆದವನ ಹೆಸರು, ಮೊತ್ತ ಮೂರೂ ಇವೆ. ಪಿಡಿಎಫ್‌ನ್ನು ಇಳಿಸಿಕೊಂಡ ಹಾಗೇ ಇಡಿ. ಅದರ ಮೇಲೆ ಗೆರೆ ಎಳೆಯುವುದು, ಪಾಸ್‌ವರ್ಡ್ ತೆಗೆದು ಬೇರೆ ಹೆಸರಲ್ಲಿ ಉಳಿಸುವುದು ಬೇಡ. ಗೆರೆ ಎಳೆಯಲೇಬೇಕಿದ್ದರೆ ಅದಕ್ಕೊಂದು ಪ್ರತಿ ಮಾಡಿಕೊಳ್ಳಿ.

ಜೊತೆಗೆ ಒಂದು ವಿಡಿಯೋ. ಎಕ್ಸ್‌ಚೇಂಜ್‌ಗಳು ಇದನ್ನು ಆಗಾಗ ಕೇಳುತ್ತವೆ. ಫೋನಿನ ಹೋಮ್ ಪರದೆಯಿಂದ ಶುರು ಮಾಡಿ, ಬ್ಯಾಂಕ್ ಆ್ಯಪ್ ತೆರೆದು, ಲಾಗಿನ್ ಆಗಿ, ಖಾತೆದಾರರ ಹೆಸರು ತೋರಿಸಿ, ಆ ಪಾವತಿ ಹುಡುಕಿ, ವಿವರ ತೆರೆದು, ಯುಟಿಆರ್ ಮೇಲೆ ಎರಡು ಸೆಕೆಂಡ್ ನಿಲ್ಲಿಸಿ. ಮಧ್ಯೆ ಕತ್ತರಿಸಬೇಡಿ. ತುಂಬ ಬ್ಯಾಂಕ್ ಆ್ಯಪ್‌ಗಳಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಮಾಡಿದರೆ ಪೂರ್ತಿ ಕಪ್ಪು ಬರುತ್ತದೆ. ನಮಗೂ ಹಾಗೇ ಆಯ್ತು. ಆಮೇಲೆ ಅವನ ಅಮ್ಮನ ಫೋನ್ ತಗೊಂಡು ಇವನ ಫೋನಿನ ವಿಡಿಯೋ ತೆಗೆದೆವು. ಪಿನ್ ಒತ್ತುವಾಗ ಕೈ ಅಡ್ಡ ಇಟ್ಟುಕೊಳ್ಳಿ.

ಮೂರನೇ ಕೊಂಡಿ ಮನುಷ್ಯ. ಇದು ನಿಮ್ಮ ಕೈಗೆ ಪೂರ್ತಿ ಸಿಗುವುದಿಲ್ಲ. ನಿಮಗೆ ಸಿಗುವುದು ಎಕ್ಸ್‌ಚೇಂಜ್‌ನಲ್ಲಿರುವ ಅವನ ಅಡ್ಡಹೆಸರು, ಆರ್ಡರ್ ಪುಟದಲ್ಲಿರುವ ಅಸಲಿ ಹೆಸರು, ಯುಪಿಐ ಐಡಿ, ಮತ್ತು ಅದರ ಹಿಂದೆ ಬ್ಯಾಂಕಿನಲ್ಲಿರುವ ಹೆಸರು. ಅವನ ಕೆವೈಸಿ ದಾಖಲೆಗಳನ್ನು ಎಕ್ಸ್‌ಚೇಂಜ್ ನಿಮಗೆ ಕೊಡುವುದಿಲ್ಲ, ಪೊಲೀಸರು ನೋಟಿಸ್ ಕಳಿಸಿದರೆ ಅವರಿಗೆ ಕೊಡುತ್ತದೆ. 2023ರ ಮಾರ್ಚ್‌ನಿಂದ ನಮ್ಮ ದೇಶದಲ್ಲಿ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯು-ಇಂಡಿಯಾದಲ್ಲಿ ನೋಂದಾಯಿಸಿಕೊಂಡು ಗ್ರಾಹಕರ ದಾಖಲೆ ಇಟ್ಟುಕೊಳ್ಳಬೇಕು. ನೋಂದಣಿ ಇಲ್ಲದ ಎಲ್ಲೋ ಹೊರದೇಶದ ಎಕ್ಸ್‌ಚೇಂಜ್ ಆದರೆ ಪೊಲೀಸರ ನೋಟಿಸ್‌ಗೆ ಉತ್ತರ ಬರುತ್ತದೆ ಅನ್ನುವ ಭರವಸೆ ಇಲ್ಲ.

ಈ ಎಲ್ಲ ಫೈಲ್‌ಗಳನ್ನು ಒಂದೇ ಫೋಲ್ಡರ್‌ಗೆ ಹಾಕಿ ಸಮಯದ ಕ್ರಮದಲ್ಲಿ ಹೆಸರಿಡಿ. ಮುಂದೆ ಕೋರ್ಟಿಗೆ ಹೋಗುವಂತಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ದಾಖಲೆಗೆ ಒಂದು ಸರ್ಟಿಫಿಕೇಟ್ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ವಿಂಡೋಸ್‌ನಲ್ಲಿ ಹೀಗೆ ತೆಗೆಯಬಹುದು:

```
certutil -hashfile statement.pdf SHA256
```

ಇವತ್ತೇ ತೆಗೆದು ಒಂದು ಕಡೆ ಬರೆದಿಡಿ. ಮತ್ತೆ ಆ ಫೋನನ್ನು ಮಾರುವುದು, ರೀಸೆಟ್ ಮಾಡುವುದು ಸದ್ಯಕ್ಕೆ ಬೇಡ.

ಅಪೀಲ್ ಹಾಕುವುದು

ಮೊದಲು ಆರ್ಡರ್ ಚಾಟ್‌ನಲ್ಲಿ ಒಂದು ಮೆಸೇಜ್ ಹಾಕಿ. ಬೈಗುಳ ಬೇಡ, ಗೋಗರೆಯುವುದೂ ಬೇಡ. ನಾವು ಹಾಕಿದ್ದು ಇಷ್ಟು: "8:49ಕ್ಕೆ 23,100 ರೂ. ನೀವು ಇದೇ ಚಾಟ್‌ನಲ್ಲಿ ಕೊಟ್ಟ ಐಡಿಗೆ ಪಾವತಿಸಿದ್ದೇನೆ. ಯುಟಿಆರ್ ಇದು. ದಯವಿಟ್ಟು ರಿಲೀಸ್ ಮಾಡಿ." ಆ ಮೆಸೇಜ್ ನಿಜಕ್ಕೂ ಬರೆದದ್ದು ಮಾರುವವನಿಗಲ್ಲ. ಮುಂದೆ ಚಾಟ್ ತೆರೆದು ನೋಡುವ ಸಪೋರ್ಟ್‌ನವರಿಗೆ.

'ಹಾಕಿದ್ದೇನೆ' ಒತ್ತಿ ಕೆಲವು ನಿಮಿಷ ಆದ ಮೇಲೆ `Appeal` ಬಟನ್ ತೆರೆದುಕೊಳ್ಳುತ್ತದೆ. ಅದನ್ನು ಒತ್ತಿ, ಕಾರಣದಲ್ಲಿ 'ದುಡ್ಡು ಕಟ್ಟಿದ್ದೇನೆ, ಮಾರುವವರು ರಿಲೀಸ್ ಮಾಡಿಲ್ಲ' ಅನ್ನುವುದನ್ನು ಆರಿಸಿ. ವಿವರದಲ್ಲಿ ಐದಾರು ಸಾಲು ಸಾಕು. ಭಾವಮೈದ ಒಂದು ಪುಟ ಬರೆಯಲು ಹೊರಟಿದ್ದ, ತಡೆದೆ. ಐಡಿ ಬದಲಾದ ವಿಷಯವನ್ನು ಮುಚ್ಚಿಡದೆ ಮೊದಲ ಸಾಲಿನಲ್ಲೇ ಹಾಕಿಸಿದೆ, ಚಾಟ್‌ನ ಆ ಮೆಸೇಜ್‌ನ ಸಮಯದ ಸಮೇತ. ಅವರೇ ಕಂಡುಹಿಡಿದು ಕೇಳುವುದಕ್ಕಿಂತ ನಾವೇ ಹೇಳಿದರೆ ಒಳ್ಳೆಯದು.

ಆಮೇಲೆ ನೋಟಿಫಿಕೇಶನ್ ಮೇಲೆ ಕಣ್ಣಿಡಿ. ಹೆಚ್ಚಿನ ದಾಖಲೆ ಕೇಳಿ ಒಂದು ಗಡುವು ಕೊಡುತ್ತಾರೆ. ಅಷ್ಟರಲ್ಲಿ ಉತ್ತರಿಸದಿದ್ದರೆ ತೀರ್ಪು ಆ ಕಡೆ ಹೋಗಬಹುದು. ಈ ಸಮಯದಲ್ಲೇ ಬೇರೆ ಬೇರೆ ನಾಟಕ ಶುರುವಾಗುತ್ತವೆ. 'ಅಪೀಲ್ ವಾಪಸ್ ತಗೊಂಡರೆ ರಿಲೀಸ್ ಮಾಡ್ತೀನಿ' ಅಂದರೆ, ಮೊದಲು ಕಾಯಿನ್ ಬರಲಿ, ಆಮೇಲೆ ನೋಡೋಣ ಅನ್ನಿ. 'ಕಾಯಿನ್ ಬಿಡುಗಡೆಯಾಗಿದೆ' ಅಂತ ಇಮೇಲ್ ಬಂದರೆ ಇಮೇಲ್ ನಂಬಬೇಡಿ, ಆ್ಯಪ್ ಒಳಗಿನ ವ್ಯಾಲೆಟ್‌ನಲ್ಲಿ 250 ಕಾಣಬೇಕು. ನಾನು ಸಪೋರ್ಟ್‌ನವನು ಅಂತ ಟೆಲಿಗ್ರಾಮ್‌ನಲ್ಲಿ ಯಾರಾದರೂ ಬಂದರೆ ಅದು ಎರಡನೇ ಕಳ್ಳ.

ನಮಗೆ ಸಿಕ್ಕ ಮಾರುವವನು ಒಂದು ಹೊಸ ರಾಗ ತೆಗೆದ. ಶೇಕಡಾ 1 ಟಿಡಿಎಸ್ ಕಟ್ಟಬೇಕು, ಇನ್ನೂ 231 ರೂಪಾಯಿ ಹಾಕಿ ಅಂದ. ಇದು ತಲೆಕೆಳಗಾದ ಲೆಕ್ಕ. ಆದಾಯ ತೆರಿಗೆಯಲ್ಲಿ 2022ರ ಜುಲೈನಿಂದ ಇರುವ ಈ ಶೇಕಡಾ 1ನ್ನು ಮಾರುವವನಿಗೆ ಕೊಡುವ ದುಡ್ಡಿನಿಂದ ಕಡಿಯುವುದು, ಕೊಳ್ಳುವವನಿಂದ ಮೇಲೆ ವಸೂಲಿ ಮಾಡುವುದಲ್ಲ. ಆ ಮೆಸೇಜ್‌ನ ಸ್ಕ್ರೀನ್‌ಶಾಟ್‌ನ್ನೂ ಅಪೀಲ್‌ಗೆ ಸೇರಿಸಿದೆವು.

ಎಣಿಸಿದ ಹಾಗೇ ಅವನು ಆರ್ಡರ್ ಪುಟದ ಖಾತೆಯ ಸ್ಟೇಟ್‌ಮೆಂಟ್ ಕೊಟ್ಟ. ಮಾರನೇ ದಿನ ಸಂಜೆ ನಾಲ್ಕರ ಸುಮಾರಿಗೆ ಸಪೋರ್ಟ್‌ನವರು ಕಾಯಿನ್ ಬಿಡುಗಡೆ ಮಾಡಿದರು. ಇಲ್ಲಿ ನಮ್ಮ ಅದೃಷ್ಟವೂ ಇತ್ತು. ಆರ್ಡರ್ ಪುಟದಲ್ಲಿಲ್ಲದ ಖಾತೆಗೆ ದುಡ್ಡು ಹಾಕುವುದು ನಿಯಮಕ್ಕೆ ವಿರುದ್ಧ. ಅದೇ ಕಾರಣ ಕೊಟ್ಟು ಅಪೀಲ್ ತಳ್ಳಿಹಾಕಿದ್ದರೆ ನಾವು ಬಾಯಿ ಬಿಡುವಂತಿರಲಿಲ್ಲ.

ಕ್ಯಾನ್ಸಲ್ ಆಗಿಹೋಗಿದ್ದರೆ

ಆಗ ಬೀಗ ಇಲ್ಲ, ಕಾಯಿನ್ ಅವನ ಹತ್ತಿರ. ಟೆಲಿಗ್ರಾಮ್‌ನಲ್ಲಿ ನೇರವಾಗಿ ವ್ಯವಹಾರ ಮಾಡಿದವರ ಪಾಡೂ ಇದೇ, ಅಲ್ಲಿ ಎಸ್ಕ್ರೋ ಮೊದಲೇ ಇರಲಿಲ್ಲ. ಅಂಥವರು ಮೊದಲು ಚಾಟ್ ಉಳಿಸಿಕೊಳ್ಳಬೇಕು. ಟೆಲಿಗ್ರಾಮ್‌ನಲ್ಲಿ ಅವನು ತನ್ನ ಕಡೆಯಿಂದ ಅಳಿಸಿ ನಿಮ್ಮ ಫೋನಿನಿಂದಲೂ ಮೆಸೇಜ್ ಮಾಯ ಮಾಡಬಹುದು. ಕಂಪ್ಯೂಟರ್‌ನ ಟೆಲಿಗ್ರಾಮ್‌ನಲ್ಲಿ `Export chat history` ಇದೆ, ಜಗಳ ಶುರುವಾಗುವ ಮುಂಚೆಯೇ ಬಳಸಿ.

ಎಕ್ಸ್‌ಚೇಂಜ್‌ಗೆ ದೂರು ಕೊಡಿ, ಆದರೆ ಅದರ ಉತ್ತರಕ್ಕೆ ಕಾಯಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಅವರು ನಿಮ್ಮ ಬ್ಯಾಂಕ್, ಯುಟಿಆರ್, ಮೊತ್ತ, ಸಮಯ, ದುಡ್ಡು ಹೋದ ಐಡಿ ಕೇಳುತ್ತಾರೆ. ದುಡ್ಡು ಇನ್ನೂ ಆ ಖಾತೆಯಲ್ಲಿದ್ದರೆ ಅಷ್ಟನ್ನು ತಡೆಹಿಡಿಯಲು ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಆ ದುಡ್ಡು ಗಂಟೆಗಳಲ್ಲಿ ಎರಡು ಮೂರು ಖಾತೆ ದಾಟಿಬಿಡುತ್ತದೆ, ಅದಕ್ಕೇ ಆತುರ. ಆಮೇಲೆ `cybercrime.gov.in`ನಲ್ಲಿ ದೂರನ್ನು ಪೂರ್ತಿ ಮಾಡಿ, ದೂರಿನ ನಂಬರ್ ತಗೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ.

ಬೀಗ ಇನ್ನೂ ಇದ್ದು ಅಪೀಲ್ ನಡೆಯುತ್ತಿದ್ದರೆ ನಾನಾದರೆ 1930ಕ್ಕೆ ಫೋನ್ ಮಾಡುವ ಮುಂಚೆ ಒಂದು ದಿನ ಕಾಯುತ್ತೇನೆ. ಕಾಯಿನ್ ಕೈಗೆ ಬಂದು, ಆ ಕಡೆ ದುಡ್ಡೂ ತಡೆಹಿಡಿದಿದ್ದರೆ ಆಮೇಲೆ ಉತ್ತರ ಹೇಳಬೇಕಾದವರು ನೀವೇ ಆಗುತ್ತೀರಿ.

ಬ್ಯಾಂಕಿಗೂ ಲಿಖಿತ ದೂರು ಕೊಡಿ, ಆದರೆ ಅಲ್ಲಿಂದ ಜಾಸ್ತಿ ನಿರೀಕ್ಷೆ ಬೇಡ. ಪಿನ್ ಒತ್ತಿದ್ದು ನೀವೇ. 'ನನಗೆ ಗೊತ್ತಿಲ್ಲದೆ ದುಡ್ಡು ಹೋಯಿತು' ಅನ್ನುವ ಪ್ರಕರಣಗಳಿಗೆ ಇರುವ ರಕ್ಷಣೆ ಇದಕ್ಕೆ ಅನ್ವಯಿಸುವುದಿಲ್ಲ. ಹಾಗೆ ಸುಳ್ಳು ಬರೆಯಲೂ ಹೋಗಬೇಡಿ. ಕ್ರಿಪ್ಟೊ ಕೊಳ್ಳುವುದು ನಮ್ಮಲ್ಲಿ ಅಪರಾಧ ಅಲ್ಲ, ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಠಾಣೆಗೆ ಕೊಡುವ ದೂರಿನ ತಿರುಳು ಹೀಗಿದ್ದರೆ ಸಾಕು:

"ದಿನಾಂಕ ___ ರಂದು ರಾತ್ರಿ 8:42ಕ್ಕೆ ___ ವೇದಿಕೆಯಲ್ಲಿ ಆರ್ಡರ್ ನಂಬರ್ ___ ಮೂಲಕ 250 ಯುಎಸ್‌ಡಿಟಿ ಕೊಳ್ಳಲು ಒಪ್ಪಿ, 8:49ಕ್ಕೆ ನನ್ನ ___ ಬ್ಯಾಂಕ್ ಖಾತೆಯಿಂದ 23,100 ರೂ.ಗಳನ್ನು ___ ಯುಪಿಐ ಐಡಿಗೆ ಕಳಿಸಿದ್ದೇನೆ. ಯುಟಿಆರ್ ___. ದುಡ್ಡು ವಾಪಸ್ ಕೊಡುವುದಾಗಿ ನಂಬಿಸಿ ಮಾರುವವರು ನನ್ನಿಂದ ಆರ್ಡರ್ ಕ್ಯಾನ್ಸಲ್ ಮಾಡಿಸಿದ್ದಾರೆ. ಕಾಯಿನ್ ಕೊಟ್ಟಿಲ್ಲ, ದುಡ್ಡನ್ನೂ ಹಿಂದಿರುಗಿಸಿಲ್ಲ. 1930ರ ದೂರಿನ ನಂಬರ್ ___. ಸದರಿ ವೇದಿಕೆಯಿಂದ ಮಾರಾಟಗಾರರ ಕೆವೈಸಿ, ಲಾಗಿನ್ ವಿವರ ಮತ್ತು ಚಾಟ್ ದಾಖಲೆಗಳನ್ನು ತರಿಸಿಕೊಳ್ಳಬೇಕೆಂದು ಕೋರುತ್ತೇನೆ."

ಕೊನೆಯ ಆ ವಾಕ್ಯ ಬಿಡಬೇಡಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಠಾಣೆಯ ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ವಂಚನೆಗೆ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 318(4) ಹಾಕುತ್ತಾರೆ. ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಇದ್ದರೂ ಸ್ಟೇಟ್‌ಮೆಂಟ್‌ನ ಆ ಒಂದು ಪುಟವನ್ನು ಪ್ರಿಂಟ್ ಹಾಕಿಸಿ ಮೇಲೆಯೇ ಇಡಿ. ಮೇಜಿನ ಆಚೆ ಕೂತವರು ಮೊದಲು ಕೈಗೆ ತಗೊಳ್ಳುವುದು ಅದನ್ನೇ.